ಎಲ್‌ಇಡಿ ಮಿನುಗುತ್ತಿತ್ತು, ಟ್ಯಾಂಕ್ ತುಂಬಿ ಹರಿಯುತ್ತಿತ್ತು: ವಾಚ್‌ಡಾಗ್‌ಗೆ ಊಟ ಹಾಕುವುದು ಹೇಗೆ?

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಹಾಸ್ಟೆಲ್‌ನ ಓವರ್‌ಹೆಡ್ ಟ್ಯಾಂಕ್‌ಗೆ ಒಂದು ಪಂಪ್ ಕಂಟ್ರೋಲರ್ ಮಾಡಿದ್ವಿ. ದೊಡ್ಡ ಪ್ರಾಜೆಕ್ಟ್ ಏನಲ್ಲ. ಎಸ್‌ಟಿಎಂ32ಎಫ್103 ಇರುವ ನೀಲಿ ಬೋರ್ಡು, ನೀರಿನ ಮಟ್ಟ ಅಳೆಯೋಕೆ ಅಲ್ಟ್ರಾಸಾನಿಕ್ ಸೆನ್ಸರ್, ಪಂಪಿನ ಕಾಂಟ್ಯಾಕ್ಟರ್ ಎಳೆಯೋಕೆ ಒಂದು ರಿಲೇ, ತೋರಿಸೋಕೆ ಪುಟ್ಟ ಓಲೆಡ್ ಡಿಸ್‌ಪ್ಲೇ. ಟ್ಯಾಂಕ್ ಖಾಲಿಯಾದರೆ ಪಂಪ್ ಆನ್, ತುಂಬಿದರೆ ಆಫ್. ಅಷ್ಟೇ.

ವಾಚ್‌ಡಾಗ್ ಕೂಡ ಹಾಕಿದ್ವಿ. ರಿವ್ಯೂನಲ್ಲಿ "ಸಿಸ್ಟಂ ಹ್ಯಾಂಗ್ ಆದರೆ?" ಅಂತ ಕೇಳಿದಾಗ ಎದೆಯುಬ್ಬಿಸಿಕೊಂಡು "ವಾಚ್‌ಡಾಗ್ ಇದೆ ಸಾರ್" ಅಂದಿದ್ವಿ.

ಹನ್ನೊಂದನೇ ದಿನ ಬೆಳಗಿನ ಜಾವ ಐದಕ್ಕೆ ಹಾಸ್ಟೆಲ್ ವಾಚ್‌ಮನ್ ಬಂದು ಬಾಗಿಲು ತಟ್ಟಿದರು. "ಏನ್ರಪ್ಪಾ, ನಿಮ್ಮ ಮಷೀನು ಲೈಟ್ ಮಿಣಕ್ ಮಿಣಕ್ ಅಂತ ಹಾಕ್ಕೊಂಡು ಚೆನ್ನಾಗೇ ಕೂತದೆ. ನೀರು ಮಾತ್ರ ರಾತ್ರಿಯೆಲ್ಲಾ ಮೇಲಿಂದ ಸುರಿದು ಹೋಗಿದೆ." ಓಡಿ ಹೋಗಿ ನೋಡಿದ್ರೆ ಸಂಪ್ ಪೂರ್ತಿ ಬರಿದು. ಪಂಪ್ ನೀರಿಲ್ಲದೆ ಒಣಗಿ ಓಡಿ ಅದರ ಸೀಲ್ ಸುಟ್ಟಿತ್ತು. ಅವತ್ತು ಇಂಟರ್ನಲ್ ಪರೀಕ್ಷೆ, ಇಡೀ ಬ್ಲಾಕ್‌ಗೆ ಸ್ನಾನಕ್ಕೆ ನೀರಿಲ್ಲ. ನಮ್ಮ ಬೋರ್ಡ್ ಹ್ಯಾಂಗ್ ಆಗಿತ್ತು, ರಿಲೇ ಆನ್ ಆಗೇ ಉಳಿದಿತ್ತು, ಆದರೆ ವಾಚ್‌ಡಾಗ್ ಒಮ್ಮೆಯೂ ರೀಸೆಟ್ ಮಾಡಿರಲಿಲ್ಲ.

ಯಾಕೆ? ಈ ಲೇಖನ ಆ ಪ್ರಶ್ನೆಗೆ ಉತ್ತರ.

ವಾಚ್‌ಡಾಗ್ ಅಂದ್ರೆ ಏನು

ಅದೊಂದು ಕೆಳಮುಖವಾಗಿ ಎಣಿಸುವ ಕೌಂಟರ್. ಸೊನ್ನೆ ಮುಟ್ಟಿದರೆ ಇಡೀ ಮೈಕ್ರೋಕಂಟ್ರೋಲರನ್ನು ರೀಸೆಟ್ ಮಾಡುತ್ತದೆ. ಸೊನ್ನೆ ಮುಟ್ಟುವ ಮೊದಲೇ ನಮ್ಮ ಪ್ರೋಗ್ರಾಂ ಬಂದು ಅದನ್ನು ಮತ್ತೆ ಮೇಲಿನ ಸಂಖ್ಯೆಗೆ ತರಬೇಕು. ಇದನ್ನೇ ಫೀಡ್ ಮಾಡೋದು, ಅಂದ್ರೆ ನಾಯಿಗೆ ಊಟ ಹಾಕೋದು ಅಂತಾರೆ. ಹೊತ್ತಿಗೆ ಸರಿಯಾಗಿ ಊಟ ಬಂದರೆ ಮನೆಯಲ್ಲಿ ಎಲ್ಲ ಸರಿಯಿದೆ ಅಂತ ನಾಯಿ ಸುಮ್ಮನಿರುತ್ತದೆ. ಬರದಿದ್ದರೆ ಒಳಗೆ ಏನೋ ಆಗಿದೆ ಅಂತ ಅರ್ಥ.

ಎಸ್‌ಟಿಎಂ32ನಲ್ಲಿ ನಾವು ಬಳಸಿದ್ದು `IWDG`, ಸ್ವತಂತ್ರ ವಾಚ್‌ಡಾಗ್. ಇದಕ್ಕೆ ಮುಖ್ಯ ಕ್ಲಾಕ್ ಬೇಡ. ಚಿಪ್‌ನ ಒಳಗೇ ಇರುವ ಬೇರೊಂದು ಆರ್‌ಸಿ ಆಸಿಲೇಟರ್‌ನಲ್ಲಿ ಅದು ಓಡುತ್ತದೆ. ಹಾಗಾಗಿ ಹೊರಗಿನ ಕ್ರಿಸ್ಟಲ್ ನಿಂತರೂ ಅದು ನಿಲ್ಲೋದಿಲ್ಲ. ಒಮ್ಮೆ ಶುರು ಮಾಡಿದರೆ ಸಾಫ್ಟ್‌ವೇರ್‌ನಿಂದ ಅದನ್ನು ನಿಲ್ಲಿಸೋಕೂ ಆಗಲ್ಲ, ರೀಸೆಟ್ ಆದರೇ ನಿಲ್ಲೋದು. ಹಾರ್ಡ್‌ವೇರ್ ತನ್ನ ಕೆಲಸ ಇಷ್ಟು ಗಟ್ಟಿಯಾಗಿ ಮಾಡಿರುತ್ತದೆ. ಕೆಡಿಸಿದ್ದು ನಾವು.

ನಾವು ಮಾಡಿದ ತಪ್ಪು

ನಮ್ಮ ಮೊದಲ ಕೋಡ್ ಹೀಗಿತ್ತು. ಅರ್ಧ ಸೆಕೆಂಡಿಗೊಮ್ಮೆ ಬರುವ ಟೈಮರ್ ಇಂಟರಪ್ಟ್‌ನಲ್ಲಿ ಎಲ್‌ಇಡಿ ಮಿನುಗಿಸಿ, ಅಲ್ಲೇ ನಾಯಿಗೂ ಊಟ ಹಾಕ್ತಿದ್ವಿ.

```c
void TIM2_IRQHandler(void)
{
    TIM2->SR = ~TIM_SR_UIF;
    GPIOC->ODR ^= (1 << 13);
    IWDG->KR = 0xAAAA;
}
```

ನೋಡೋಕೆ ಅಚ್ಚುಕಟ್ಟಾಗಿದೆ. ಲೂಪ್‌ನಲ್ಲಿ ಎಷ್ಟು ಹೊತ್ತು ಹಿಡಿದರೂ ತಲೆಬಿಸಿ ಇಲ್ಲ, ಊಟ ತಪ್ಪೋದೇ ಇಲ್ಲ. ತೊಂದರೆ ಇರೋದೇ ಅಲ್ಲಿ, ಊಟ ತಪ್ಪೋದೇ ಇಲ್ಲ.

ಅವತ್ತು ರಾತ್ರಿ ಆಗಿದ್ದು ಇಷ್ಟು. ಕಾಂಟ್ಯಾಕ್ಟರ್ ಎಳೆದುಕೊಂಡಾಗ ಎದ್ದ ವಿದ್ಯುತ್ ಗದ್ದಲ ಡಿಸ್‌ಪ್ಲೇಯ ಐ2ಸಿ ತಂತಿಗಳಿಗೆ ನುಗ್ಗಿತು. ಡಿಸ್‌ಪ್ಲೇಗೂ ಪ್ರೊಸೆಸರ್‌ಗೂ ಕ್ಲಾಕ್‌ನ ಲೆಕ್ಕ ತಪ್ಪಿ, ಡಿಸ್‌ಪ್ಲೇ ಡೇಟಾ ತಂತಿಯನ್ನು ಕೆಳಗೆ ಎಳೆದು ಹಿಡಿದುಕೊಂಡೇ ಕೂತಿತು. ಡೇಟಾ ತಂತಿ ಕೆಳಗಿದ್ದರೆ ಬಸ್ ಬಿಝಿ ಅಂತ ಲೆಕ್ಕ. ನಮ್ಮ ಕೋಡ್‌ನಲ್ಲಿ ಎಲ್ಲಿಂದಲೋ ನಕಲು ಮಾಡಿದ ಈ ಸಾಲು ಇತ್ತು:

```c
while (I2C1->SR2 & I2C_SR2_BUSY);
```

ಬಸ್ ಬಿಡುವಾಗೋವರೆಗೂ ಕಾಯಿ ಅಂತ. ಅದು ಬಿಡುವಾಗಲೇ ಇಲ್ಲ, ಮೇನ್ ಲೂಪ್ ಆ ಸಾಲಿನಲ್ಲೇ ನಿಂತುಬಿಟ್ಟಿತು. ಪಂಪ್ ಆಗಷ್ಟೇ ಆನ್ ಆಗಿತ್ತು. ಇನ್ನು ಮುಂದೆ ಮಟ್ಟ ಓದುವವರಿಲ್ಲ, ಪಂಪ್ ಆಫ್ ಮಾಡುವವರಿಲ್ಲ.

ಆದರೆ ಇಂಟರಪ್ಟ್ ಅನ್ನೋದು ಮೇನ್ ಲೂಪ್‌ನ ಅಪ್ಪಣೆ ಕೇಳಿ ಬರೋದಲ್ಲ. ಲೂಪ್ ಎಲ್ಲೇ ಸಿಕ್ಕಿಹಾಕಿಕೊಂಡಿದ್ದರೂ ಟೈಮರ್ ಅರ್ಧ ಸೆಕೆಂಡಿಗೊಮ್ಮೆ ಅದನ್ನು ತಡೆದು ತನ್ನ ಕೆಲಸ ಮಾಡಿ ಹೋಗುತ್ತದೆ. ಎಲ್‌ಇಡಿ ಮಿನುಗುತ್ತಲೇ ಇತ್ತು, ನಾಯಿಗೆ ಹೊತ್ತಿಗೆ ಸರಿಯಾಗಿ ಊಟ ಬರುತ್ತಲೇ ಇತ್ತು. ನಮ್ಮ ವಾಚ್‌ಡಾಗ್ ಕಾಯ್ತಾ ಇದ್ದದ್ದು ಟೈಮರನ್ನು ಮಾತ್ರ, ಪಂಪನ್ನಲ್ಲ.

ಹಾಗಾದ್ರೆ ಟೆಸ್ಟ್ ಮಾಡಿರಲಿಲ್ವಾ? ಮಾಡಿದ್ವಿ. ಬಟನ್ ಒತ್ತಿದರೆ `__disable_irq(); while(1);` ಓಡುವ ಹಾಗೆ ಬರೆದು, ಬೋರ್ಡ್ ರೀಸೆಟ್ ಆಗಿದ್ದನ್ನು ನೋಡಿ ಖುಷಿಪಟ್ಟಿದ್ವಿ. ಆ ಟೆಸ್ಟ್‌ನಲ್ಲಿ ನಾವೇ ಇಂಟರಪ್ಟ್‌ಗಳನ್ನು ನಿಲ್ಲಿಸಿದ್ವಿ, ಊಟ ಹಾಕೋದೂ ಅದರ ಜೊತೆಗೇ ನಿಂತಿತ್ತು. ಇಂಟರಪ್ಟ್ ಚಾಲೂ ಇಟ್ಟು ಬರೀ `while(1);` ಹಾಕಿದ್ದರೆ ಅವತ್ತೇ ಬಣ್ಣ ಬಯಲಾಗ್ತಿತ್ತು.

ಇನ್ನೊಂದು ತಪ್ಪು

ಸರಿ, ಊಟವನ್ನು ಇಂಟರಪ್ಟ್‌ನಿಂದ ತೆಗೆದು ಮೇನ್ ಲೂಪ್‌ನ ಕೊನೆಗೆ ಹಾಕಿದ್ವಿ. ಮಾರನೇ ದಿನ ಬೋರ್ಡ್ ಆಗಾಗ ರೀಸೆಟ್ ಆಗೋಕೆ ಶುರುವಾಯ್ತು. ಡಿಸ್‌ಪ್ಲೇ ಹತ್ತಿರ ನಿಲ್ತಿದೆ ಅಂತ ಗೊತ್ತಾದ ಮೇಲೆ ನಮ್ಮಲ್ಲೊಬ್ಬ ಮಾಡಿದ ರಿಪೇರಿ ಇದು:

```c
while (I2C1->SR2 & I2C_SR2_BUSY)
    IWDG->KR = 0xAAAA;
```

ರೀಸೆಟ್ ನಿಂತಿತು. ಹ್ಯಾಂಗ್ ಆಗೋದು ವಾಪಸ್ ಬಂತು. ಕಾಯುವ ಲೂಪ್ ಒಳಗೇ ಊಟ ಹಾಕೋದು ಇಂಟರಪ್ಟ್‌ನಲ್ಲಿ ಹಾಕಿದ್ದಕ್ಕಿಂತ ಬೇರೆಯಲ್ಲ. ಎಲ್ಲಿ ಸಿಕ್ಕಿಹಾಕಿಕೊಳ್ಳುವ ಅಪಾಯ ಇದೆಯೋ ಅಲ್ಲೇ ಊಟದ ತಟ್ಟೆ ಇಟ್ಟ ಹಾಗಾಯ್ತು. ಊಟ ಹಾಕುವ ಸಾಲು ಇಡೀ ಪ್ರೋಗ್ರಾಂನಲ್ಲಿ ಒಂದೇ ಕಡೆ ಇರಬೇಕು ಅಂತ ಅವತ್ತು ನಿಯಮ ಮಾಡಿಕೊಂಡ್ವಿ. `0xAAAA` ಅಂತ ಹುಡುಕಿದರೆ ಅದು ಕೆಲಸ ನಡೆಸುವ ಲೂಪ್‌ನಲ್ಲಿ ಒಂದೇ ಸಲ ಸಿಗಬೇಕು.

ಆ ಬಿಝಿ ಲೂಪ್‌ಗೆ ಸರಿಯಾದ ರಿಪೇರಿ ಅಂದ್ರೆ ಕಾಯೋಕೆ ಒಂದು ಮಿತಿ. ಹತ್ತು ಮಿಲಿಸೆಕೆಂಡ್ ನೋಡು, ಆಗಲಿಲ್ಲ ಅಂದ್ರೆ ಈ ಸಲ ಡಿಸ್‌ಪ್ಲೇ ಬಿಟ್ಟು ಮುಂದೆ ಹೋಗು. ಗೊತ್ತಿರುವ ತೊಂದರೆಯನ್ನು ಕೋಡ್‌ನಲ್ಲೇ ಸರಿಪಡಿಸಬೇಕು. ವಾಚ್‌ಡಾಗ್ ಇರೋದು ನಮಗೆ ಗೊತ್ತಿಲ್ಲದ ತೊಂದರೆಗೆ.

ಬೀಟ್ ಪುಸ್ತಕದ ಸಹಿ

ಲೂಪ್‌ನ ಕೊನೆಯಲ್ಲಿ ಊಟ ಹಾಕೋದೂ ಸಾಲದು. ನಮ್ಮ ಲೂಪ್‌ನಲ್ಲಿ ಮೂರು ಕೆಲಸಗಳಿವೆ: 200 ಮಿಲಿಸೆಕೆಂಡಿಗೊಮ್ಮೆ ಮಟ್ಟ ಓದೋದು, 200 ಮಿಲಿಸೆಕೆಂಡಿಗೊಮ್ಮೆ ಪಂಪ್ ನಿರ್ಧಾರ, ಸೆಕೆಂಡಿಗೊಮ್ಮೆ ಡಿಸ್‌ಪ್ಲೇ. ಸಮಯದ ಲೆಕ್ಕದಲ್ಲಿ ಒಂದು ತಪ್ಪಾಗಿ ಮಟ್ಟ ಓದುವ ಸರದಿ ಬರೋದೇ ನಿಂತುಹೋಯ್ತು ಅನ್ನಿ. ಲೂಪ್ ಆರಾಮಾಗಿ ತಿರುಗುತ್ತಿರುತ್ತದೆ, ಕೊನೆಗೆ ಊಟವೂ ಬೀಳುತ್ತದೆ. ಪಂಪ್ ಮಾತ್ರ ಹಳೆಯ ಮಟ್ಟವನ್ನೇ ನಂಬಿಕೊಂಡು ಓಡುತ್ತಿರುತ್ತದೆ.

ರಾತ್ರಿ ಗಸ್ತಿನ ಪೊಲೀಸರ ಬೀಟ್ ಪುಸ್ತಕ ನೆನಪಿಸಿಕೊಳ್ಳಿ. ಬ್ಯಾಂಕ್ ಹತ್ತಿರ ಒಂದು, ಬಸ್ ಸ್ಟ್ಯಾಂಡ್ ಹತ್ತಿರ ಒಂದು. ಅಲ್ಲಿಗೆ ಹೋಗಿ ಸಹಿ ಹಾಕಿದರೇ ಗಸ್ತು ನಡೆದ ಲೆಕ್ಕ. ಸ್ಟೇಷನ್‌ನಲ್ಲೇ ಕೂತು "ನಾನು ಎಚ್ಚರ ಇದ್ದೀನಿ" ಅಂದರೆ ಆಗಲ್ಲ. ನಾವೂ ಹಾಗೇ ಮಾಡಿದ್ವಿ. ಪ್ರತಿ ಕೆಲಸ ತನ್ನ ಕೊನೆಯ ಸಾಲಿನಲ್ಲಿ ಒಂದು ಬಿಟ್ ಸಹಿ ಹಾಕುತ್ತದೆ. ಮೂರೂ ಸಹಿ ಬಿದ್ದಿದ್ದರೆ ಮಾತ್ರ ಊಟ. ಊಟ ಹಾಕಿದ ಕೂಡಲೇ ಸಹಿಗಳನ್ನು ಅಳಿಸಿ ಹೊಸದಾಗಿ ಶುರು.

```c
if (now - t_level >= 200) {
    t_level = now;
    BKP->DR1 = 1;
    read_level();      // ಕೊನೆಯ ಸಾಲು: sahi |= 1;
    BKP->DR1 = 0;
}
// ಪಂಪ್: sahi |= 2;  ಡಿಸ್‌ಪ್ಲೇ: sahi |= 4;

if (sahi == 7) {
    sahi = 0;
    IWDG->KR = 0xAAAA;
}
```

ಸಹಿ ಯಾವಾಗ ಹಾಕಬೇಕು ಅನ್ನೋದು ಯೋಚನೆ ಮಾಡಬೇಕಾದ ವಿಷಯ. ಫಂಕ್ಷನ್ ಶುರುವಿನಲ್ಲೇ ಹಾಕಿದರೆ ಕೆಲಸ ಮುಗಿಯಿತು ಅನ್ನೋಕೆ ಅದು ಸಾಕ್ಷಿಯಲ್ಲ. ಹಾಗಂತ ಸೆನ್ಸರ್ ಸರಿಯಾಗಿ ಓದಿದರೆ ಮಾತ್ರ ಸಹಿ ಅಂದರೂ ತಪ್ಪು. ಸೆನ್ಸರಿನ ತಂತಿ ಕಿತ್ತುಹೋಗಿದ್ದರೆ ನೂರು ಸಲ ರೀಸೆಟ್ ಮಾಡಿದರೂ ತಂತಿ ಕೂಡಿಕೊಳ್ಳಲ್ಲ. ಆದ್ದರಿಂದ ನಮ್ಮ `read_level` ಮಟ್ಟ ಸಿಕ್ಕರೆ ಸಹಿ ಹಾಕುತ್ತದೆ. ಮೂರು ಸಲ ಪ್ರತಿಧ್ವನಿ ಬರದಿದ್ದರೆ ಪಂಪ್ ಆಫ್ ಮಾಡಿ, ದೋಷ ಇದೆ ಅಂತ ಗುರುತು ಹಾಕಿ, ಆಗಲೂ ಸಹಿ ಹಾಕುತ್ತದೆ. ಎರಡೂ "ಕೆಲಸ ಮುಗೀತು" ಅನ್ನೋದೇ. ಡಿಸ್‌ಪ್ಲೇಯದೂ ಹಾಗೇ: ಹತ್ತು ಮಿಲಿಸೆಕೆಂಡ್ ಕಾದು ಬಿಟ್ಟು ಬಂದರೂ ಸಹಿ ಬೀಳುತ್ತದೆ.

ಒಂದು ಎಚ್ಚರಿಕೆ. ನಮ್ಮ ಮೂರೂ ಕೆಲಸ ಒಂದೇ ಲೂಪ್‌ನಲ್ಲಿ ಒಂದಾದ ಮೇಲೊಂದು ಓಡುತ್ತವೆ, ಹಾಗಾಗಿ `sahi |= 1` ಸಮಸ್ಯೆಯಲ್ಲ. ನೀವು ಆರ್‌ಟಿಒಎಸ್ ಬಳಸ್ತಿದ್ದು ಬೇರೆ ಬೇರೆ ಟಾಸ್ಕ್‌ಗಳು ಸಹಿ ಹಾಕುವುದಾದರೆ, ಆ ಸಾಲು ಓದು, ಬದಲಿಸು, ಬರೆ ಅಂತ ಮೂರು ಹೆಜ್ಜೆ. ಮಧ್ಯದಲ್ಲಿ ಇನ್ನೊಂದು ಟಾಸ್ಕ್ ನುಗ್ಗಿದರೆ ಒಬ್ಬರ ಸಹಿ ಅಳಿಸಿಹೋಗುತ್ತದೆ. ಪ್ರತಿ ಟಾಸ್ಕ್‌ಗೂ ಅದರದ್ದೇ ಒಂದು ಬೈಟ್ ಕೊಟ್ಟರೆ ಈ ಜಗಳ ಇರಲ್ಲ.

"ಕೆಲಸ ಮುಗೀತಾ?" ಅಂತ ಕೇಳುವುದರ ಬೆಲೆ ಎಷ್ಟು ಅನ್ನೋದಕ್ಕೆ ಮಂಗಳ ಗ್ರಹದಿಂದ ಒಂದು ಉದಾಹರಣೆ. 1997ರ ಜುಲೈನಲ್ಲಿ ಅಲ್ಲಿ ಇಳಿದ ನಾಸಾದ ಪಾತ್‌ಫೈಂಡರ್ ನೌಕೆ ಕೆಲವು ದಿನಗಳಲ್ಲೇ ತಾನಾಗಿ ರೀಸೆಟ್ ಆಗತೊಡಗಿತು. ಕಡಿಮೆ ಆದ್ಯತೆಯ ಹವಾಮಾನ ಟಾಸ್ಕ್ ಒಂದು ಬೀಗ ಹಿಡಿದುಕೊಂಡಿದ್ದಾಗ, ಮಧ್ಯಮ ಆದ್ಯತೆಯ ಟಾಸ್ಕ್ ಪ್ರೊಸೆಸರ್ ಕಸಿದುಕೊಳ್ಳುತ್ತಿತ್ತು. ಅದೇ ಬೀಗಕ್ಕೆ ಕಾಯುತ್ತಿದ್ದ ಹೆಚ್ಚಿನ ಆದ್ಯತೆಯ ಡೇಟಾ ಹಂಚುವ ಟಾಸ್ಕ್ ಹೊತ್ತಿಗೆ ಮುಗಿಯುತ್ತಿರಲಿಲ್ಲ. ಅಲ್ಲಿ ಪ್ರೊಸೆಸರ್ ನಿಂತಿರಲಿಲ್ಲ, ಇಂಟರಪ್ಟ್‌ಗಳೂ ಸರಿಯಿದ್ದವು. ಆದರೆ ಮುಂದಿನ ಸುತ್ತು ಶುರು ಮಾಡುವ ಟಾಸ್ಕ್ "ಹಿಂದಿನ ಸುತ್ತಿನ ಹಂಚಿಕೆ ಮುಗಿದಿದೆಯಾ?" ಅಂತ ನೋಡುತ್ತಿತ್ತು. ಮುಗಿದಿಲ್ಲ ಅಂದರೆ ರೀಸೆಟ್. ಅದರಿಂದಲೇ ತೊಂದರೆ ಕಣ್ಣಿಗೆ ಬಿತ್ತು, ಭೂಮಿಯಲ್ಲಿ ಅದನ್ನು ಮರಳಿ ಹುಟ್ಟಿಸಿ ಕಾರಣ ಹಿಡಿದು, ಬೀಗಕ್ಕೆ ಆದ್ಯತೆ ಎರವಲು ಕೊಡುವ ಆಯ್ಕೆಯನ್ನು ಆನ್ ಮಾಡಿ ಸರಿಪಡಿಸಿದರು.

ಎಷ್ಟು ಸೆಕೆಂಡ್ ಇಡಬೇಕು?

ಇದಕ್ಕೆ ಎರಡು ಕಡೆಯಿಂದ ಲೆಕ್ಕ ಹಾಕಬೇಕು. ಒಂದು, ಎಲ್ಲ ಸರಿಯಿದ್ದಾಗ ಎರಡು ಊಟಗಳ ನಡುವೆ ಅತಿ ಹೆಚ್ಚು ಎಷ್ಟು ಹೊತ್ತು ಆಗಬಹುದು? ನಮ್ಮಲ್ಲಿ ನಿಧಾನದ ಕೆಲಸ ಡಿಸ್‌ಪ್ಲೇ, ಸೆಕೆಂಡಿಗೊಮ್ಮೆ. ಊಟ ಹಾಕುವಾಗ ಒಂದು ಪಿನ್ ಬದಲಾಗುವ ಹಾಗೆ ಮಾಡಿ ಲಾಜಿಕ್ ಅನಲೈಸರ್‌ನಲ್ಲಿ ನೋಡಿದ್ವಿ, ಅತಿ ಹೆಚ್ಚು 1.2 ಸೆಕೆಂಡ್ ಬಂತು. ಎರಡು, ಹ್ಯಾಂಗ್ ಆದ ಮೇಲೆ ಎಷ್ಟು ಹೊತ್ತು ಪಂಪ್ ಹೆಚ್ಚಿಗೆ ಓಡಿದರೆ ಪರವಾಗಿಲ್ಲ? ಟ್ಯಾಂಕ್‌ಗೆ ಹತ್ತು ಸೆಕೆಂಡ್ ಹೆಚ್ಚಾದರೂ ಏನೂ ಆಗಲ್ಲ. ಹಾಗಾಗಿ 1.2 ಮತ್ತು 10ರ ನಡುವೆ ಎಲ್ಲೋ ಇರಬೇಕು. ನಾವು 4 ಸೆಕೆಂಡ್ ಆರಿಸಿಕೊಂಡ್ವಿ.

```c
IWDG->KR  = 0xCCCC;
IWDG->KR  = 0x5555;
IWDG->PR  = 4;
IWDG->RLR = 2499;
while (IWDG->SR);
IWDG->KR  = 0xAAAA;
```

ಮೊದಲ ಸಾಲು ಶುರು ಮಾಡುತ್ತದೆ, ಎರಡನೆಯದು ರಿಜಿಸ್ಟರ್‌ಗಳ ಬೀಗ ತೆಗೆಯುತ್ತದೆ. `PR` ನಾಲ್ಕು ಅಂದರೆ ಕ್ಲಾಕನ್ನು 64ರಿಂದ ಭಾಗಿಸು ಅಂತ. ಕ್ಲಾಕ್ 40 ಕಿಲೋಹರ್ಟ್ಸ್ ಅಂದುಕೊಂಡರೆ:

```
64 * (2499 + 1) / 40000 = 4.0 s
```

ಆದರೆ ಆ ಆರ್‌ಸಿ ಆಸಿಲೇಟರ್ ಗಡಿಯಾರದಷ್ಟು ನಿಖರ ಅಲ್ಲ. ಎಫ್103ರ ಡೇಟಾಶೀಟ್ ಪ್ರಕಾರ ಅದು 30ರಿಂದ 60 ಕಿಲೋಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. 60 ಆದರೆ ನಮ್ಮ 4 ಸೆಕೆಂಡ್ 2.67ಕ್ಕೆ ಇಳಿಯುತ್ತದೆ, 30 ಆದರೆ 5.33ಕ್ಕೆ ಏರುತ್ತದೆ. 2.67 ಕೂಡ 1.2ಕ್ಕಿಂತ ಎರಡು ಪಟ್ಟು ಹೆಚ್ಚಿದೆ, 5.33 ಕೂಡ 10ರ ಒಳಗಿದೆ. ಸರಿಹೋಯ್ತು. ಲೆಕ್ಕ ನೋಡದೆ 1.5 ಸೆಕೆಂಡ್ ಇಟ್ಟಿದ್ದರೆ, ಕ್ಲಾಕ್ ವೇಗವಾಗಿರುವ ಚಿಪ್‌ನಲ್ಲಿ ಅದು 1 ಸೆಕೆಂಡ್ ಆಗಿ, ಏನೂ ತಪ್ಪಿಲ್ಲದೆ ರೀಸೆಟ್ ಆಗ್ತಿತ್ತು. ನಿಮ್ಮ ಬೋರ್ಡ್ ಸರಿಯಿದ್ದು ಗೆಳೆಯನ ಬೋರ್ಡ್ ಮಾತ್ರ ಅದೇ ಕೋಡ್‌ಗೆ ರೀಸೆಟ್ ಆಗ್ತಿದ್ದರೆ ಮೊದಲು ಇದನ್ನು ನೋಡಿ.

ರೀಸೆಟ್ ಆದ ಮೇಲೆ

ರೀಸೆಟ್ ಆದಾಗ ಎಸ್‌ಟಿಎಂ32ನ ಪಿನ್‌ಗಳು ತೇಲುವ ಇನ್‌ಪುಟ್ ಆಗುತ್ತವೆ. ಆಗ ರಿಲೇಯ ಟ್ರಾನ್ಸಿಸ್ಟರ್ ಆನ್ ಆಗಿರುತ್ತೋ ಆಫ್ ಆಗಿರುತ್ತೋ ಹೇಳೋರಿಲ್ಲ. ನಾವು ಅಲ್ಲಿ ನೆಲಕ್ಕೆ ಒಂದು 10 ಕಿಲೋಓಮ್ ರೆಸಿಸ್ಟರ್ ಹಾಕಿದ್ವಿ. ಪಿನ್ ಏನೂ ಹೇಳದಿದ್ದರೆ ಪಂಪ್ ಆಫ್ ಅಂತ ಅರ್ಥ. ನಿಮ್ಮ ರಿಲೇ ಮಾಡ್ಯೂಲ್ ಕೆಳಮಟ್ಟದ ಸಿಗ್ನಲ್‌ಗೆ ಆನ್ ಆಗುವಂಥದ್ದಾದರೆ ರೆಸಿಸ್ಟರ್ ಮೇಲಕ್ಕೆ, ಅದರ ಸಪ್ಲೈ ಕಡೆಗೆ ಹಾಕಬೇಕು. ಇದಿಲ್ಲದೆ ವಾಚ್‌ಡಾಗ್ ರೀಸೆಟ್ ಮಾಡಿದರೂ ಪಂಪ್ ಸುರಕ್ಷಿತ ಅಂತ ಹೇಳೋಕಾಗಲ್ಲ.

ಎರಡನೆಯ ಪಾಠ ನಮಗೆ ಆಶ್ಚರ್ಯ ತಂದಿತು. ಮೈಕ್ರೋಕಂಟ್ರೋಲರ್ ರೀಸೆಟ್ ಆದರೆ ಡಿಸ್‌ಪ್ಲೇ ರೀಸೆಟ್ ಆಗಲ್ಲ! ಅದಕ್ಕೆ ವಿದ್ಯುತ್ ಹಾಗೇ ಇರುತ್ತದೆ, ಅದು ಡೇಟಾ ತಂತಿಯನ್ನು ಹಿಡಿದುಕೊಂಡೇ ಇರುತ್ತದೆ. ಕಾಯೋಕೆ ಮಿತಿ ಹಾಕುವ ಮುಂಚೆ ನಮ್ಮ ಬೋರ್ಡ್ ರೀಸೆಟ್ ಆಗಿ, ಅದೇ ಬಿಝಿ ಸಾಲಿಗೆ ಬಂದು, ಮತ್ತೆ ನಿಂತು, ಮತ್ತೆ ರೀಸೆಟ್ ಆಗಿ ಸುತ್ತುತ್ತಿತ್ತು. ಬಿಡಿಸೋಕೆ ದಾರಿ ಇದೆ: ಐ2ಸಿ ಶುರು ಮಾಡುವ ಮೊದಲು ಕ್ಲಾಕ್ ಪಿನ್ನನ್ನು ಸಾದಾ ಓಪನ್‌ಡ್ರೈನ್ ಔಟ್‌ಪುಟ್ ಮಾಡಿ, ಒಂಬತ್ತು ಸಲ ಕೆಳಗೆ ಮೇಲೆ ಮಾಡಬೇಕು. ಅರ್ಧಕ್ಕೆ ನಿಂತ ಬೈಟ್ ಅಷ್ಟರಲ್ಲಿ ಮುಗಿದು ಡಿಸ್‌ಪ್ಲೇ ತಂತಿ ಬಿಡುತ್ತದೆ.

ಮೂರನೆಯದು, ಯಾಕೆ ರೀಸೆಟ್ ಆಯ್ತು ಅಂತ ಗುರುತಿಡೋದು. ಶುರುವಿನಲ್ಲೇ `RCC->CSR`ನಲ್ಲಿ `RCC_CSR_IWDGRSTF` ಬಿಟ್ ಇದ್ದರೆ ವಾಚ್‌ಡಾಗ್‌ನಿಂದ ಬಂದಿದ್ದೀವಿ ಅಂತ. ಓದಿದ ಮೇಲೆ `RCC_CSR_RMVF` ಬರೆದು ಅಳಿಸಬೇಕು. ಇಲ್ಲದಿದ್ದರೆ ಮುಂದೆ ಯಾರೋ ರೀಸೆಟ್ ಬಟನ್ ಒತ್ತಿದಾಗಲೂ ಅದೇ ಗುರುತು ಕಾಣುತ್ತದೆ. ಮೇಲಿನ ಕೋಡ್‌ನ `BKP->DR1` ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ಯಾಕಪ್ ರಿಜಿಸ್ಟರ್ ವಾಚ್‌ಡಾಗ್ ರೀಸೆಟ್‌ನಲ್ಲಿ ಅಳಿಯೋದಿಲ್ಲ. (ಬರೆಯುವ ಮೊದಲು `PWREN`, `BKPEN` ಕ್ಲಾಕ್‌ಗಳನ್ನೂ `PWR->CR`ನ `DBP` ಬಿಟ್ಟನ್ನೂ ಆನ್ ಮಾಡಿರಬೇಕು.) ಅಲ್ಲಿ 3 ಇದ್ದರೆ ಡಿಸ್‌ಪ್ಲೇ ಒಳಗೆ ಸಿಕ್ಕಿಹಾಕಿಕೊಂಡಿತ್ತು. 0 ಇದ್ದರೆ ಲೂಪ್ ತಿರುಗುತ್ತಿತ್ತು, ಯಾವುದೋ ಕೆಲಸಕ್ಕೆ ಸರದಿಯೇ ಬರಲಿಲ್ಲ.

`DR2`ನಲ್ಲಿ ಸತತ ವಾಚ್‌ಡಾಗ್ ರೀಸೆಟ್‌ಗಳನ್ನು ಎಣಿಸುತ್ತೇವೆ. ಹತ್ತು ನಿಮಿಷ ಸರಿಯಾಗಿ ಓಡಿದರೆ ಸೊನ್ನೆ ಮಾಡುತ್ತೇವೆ. ಮೂರಾದರೆ ಮತ್ತೆ ಪ್ರಯತ್ನವಿಲ್ಲ: ಪಂಪ್ ಆಫ್, ಬಝರ್ ಆನ್, ವಾಚ್‌ಡಾಗ್ ಶುರು ಮಾಡೋದೇ ಇಲ್ಲ, ಯಾರಾದರೂ ಬಂದು ನೋಡುವವರೆಗೆ ಹಾಗೇ ಇರುತ್ತದೆ. ಇಲ್ಲದಿದ್ದರೆ ರೀಸೆಟ್ ಆದಾಗಲೆಲ್ಲ ಪಂಪ್ ಆನ್, ಆಫ್ ಆಗಿ ಮೋಟರ್ ಸುಡುತ್ತದೆ.

ನೀವು ಮಾಡಿ ನೋಡುವ ಮೂರು ಟೆಸ್ಟ್

ಮೊದಲನೆಯದು, ಮೇನ್ ಲೂಪ್‌ನಲ್ಲಿ ಬಟನ್ ಒತ್ತಿದಾಗ ಬರೀ `while(1);`. ಇಂಟರಪ್ಟ್ ಮುಟ್ಟಬೇಡಿ. ನಮ್ಮ ಹಳೆಯ ಕೋಡ್ ಇಲ್ಲೇ ಫೇಲ್. ಎರಡನೆಯದು, ಒಂದೊಂದೇ ಕೆಲಸದ `if` ಅನ್ನು ಕಮೆಂಟ್ ಮಾಡಿ ಓಡಿಸಿ. ಯಾವುದನ್ನು ತೆಗೆದರೂ ರೀಸೆಟ್ ಆಗಬೇಕು. ಆಗದಿದ್ದರೆ ಆ ಕೆಲಸದ ಸಹಿಯನ್ನು ಯಾರೂ ನೋಡ್ತಿಲ್ಲ. ಮೂರನೆಯದು, ಪಂಪ್ ಬದಲು ಒಂದು ಬಲ್ಬ್ ಹಾಕಿಕೊಂಡು, ಡಿಸ್‌ಪ್ಲೇಯ ಡೇಟಾ ತಂತಿಯನ್ನು ನೆಲಕ್ಕೆ ತಾಗಿಸಿ. ಈಗ ರೀಸೆಟ್ ಆಗಬಾರದು, ಡಿಸ್‌ಪ್ಲೇ ನಿಂತರೂ ಬಲ್ಬ್ ನೀರಿನ ಮಟ್ಟಕ್ಕೆ ಸರಿಯಾಗಿ ನಡೆಯಬೇಕು.

ಡಿಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟಾಗ ವಾಚ್‌ಡಾಗ್ ಓಡುತ್ತಲೇ ಇದ್ದು ಬೋರ್ಡ್ ಕೈಬಿಟ್ಟು ಹೋಗುತ್ತದೆ. ಅದಕ್ಕೆ ವಾಚ್‌ಡಾಗ್ ಕೋಡನ್ನೇ ಕಮೆಂಟ್ ಮಾಡಬೇಡಿ. ವಾಪಸ್ ತೆಗೆಯೋದು ಮರೆತುಹೋಗುತ್ತದೆ. ಈ ಒಂದು ಸಾಲು ಸಾಕು:

```c
DBGMCU->CR |= DBGMCU_CR_DBG_IWDG_STOP;
```

ಹೊಸ ಕೋಡ್ ಹಾಕಿದ ಎರಡನೇ ವಾರ ಬೋರ್ಡ್ ಒಮ್ಮೆ ವಾಚ್‌ಡಾಗ್‌ನಿಂದ ರೀಸೆಟ್ ಆಯ್ತು, `DR1`ನಲ್ಲಿ 3 ಇತ್ತು. ಬಿಝಿ ಸಾಲಿಗೆ ಮಿತಿ ಹಾಕಿದ್ದ ನಾವು, ಬೈಟ್ ಕಳಿಸಿದ ಮೇಲೆ ಉತ್ತರಕ್ಕೆ ಕಾಯುವ ಇನ್ನೊಂದು `while` ಇದ್ದದ್ದನ್ನು ನೋಡೇ ಇರಲಿಲ್ಲ. ಅದಕ್ಕೂ ಮಿತಿ ಹಾಕಿ, ಡಿಸ್‌ಪ್ಲೇ ತಂತಿಗಳನ್ನು ಕಾಂಟ್ಯಾಕ್ಟರ್‌ನಿಂದ ದೂರ ಸರಿಸಿದ್ವಿ. ಆ ರಾತ್ರಿ ಪಂಪ್ ಕೆಲವೇ ಸೆಕೆಂಡ್ ಹೆಚ್ಚಿಗೆ ಓಡಿ ನಿಂತಿತ್ತು. ವಾಚ್‌ಮನ್‌ಗೆ ಗೊತ್ತೇ ಆಗಲಿಲ್ಲ.